ಎಪ್ರಿಲ್ ತಿಂಗಳ ನೀರು ಎಲ್ಲಿಯದು? ಪತ್ತೇದಾರಿ ಧಾಟಿಯ ವಿಡಿಯೋದಲ್ಲಿ ಉತ್ತರ ಬಿಚ್ಚುವ ಕ್ರಮ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

 

ನನ್ನ ವಿಷಯ ಒಂದು ಸಾಹಿತ್ಯ ಪ್ರಕಾರ ಅಂತಲೇ ನಾನು ವಾದಿಸುವವಳು. ನಾವೆಲ್ಲ ಮೊಬೈಲಿನಲ್ಲಿ ನೋಡುವ ಒಂದು ಬಗೆಯ ವಿಡಿಯೋ ಉಂಟಲ್ಲ, ಅದು ಒಂದು ಸಣ್ಣ ದಿನನಿತ್ಯದ ಪ್ರಶ್ನೆಯಿಂದ ಸುರುವಾಗ್ತದೆ. ಬಸ್ಸಿನ ಟೈರು ಕಪ್ಪೇ ಯಾಕೆ, ಮಾವಿನ ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುವುದು ಯಾಕೆ, ಇಂಥದ್ದು. ಉತ್ತರವನ್ನು ಒಂದೇ ಸಲಕ್ಕೆ ಹೇಳುವುದಿಲ್ಲ. ಒಂದು ಉತ್ತರ ಕೊಟ್ಟು ಅದನ್ನು ಮುರಿದು, ಇನ್ನೊಂದು ಕೊಟ್ಟು ಅದನ್ನೂ ಅರ್ಧ ಮಾಡಿ, ಹೀಗೆ ಹಂತ ಹಂತವಾಗಿ ಬಿಚ್ಚುತ್ತಾ ಹೋಗ್ತದೆ. ಇದರ ಹಿಂದೆ ಬರೆದ ಒಂದು ಚಿತ್ರಕಥೆ ಇರ್ತದೆ. ಆ ಬರಹದ ಆಕೃತಿಯನ್ನು ನಾವು ಕಥೆ, ಕಾದಂಬರಿಯ ಆಕೃತಿಯನ್ನು ನೋಡಿದ ಹಾಗೆ ನೋಡಬಹುದೇ? ನೋಡಿದರೆ ಎಲ್ಲಿ ಅದು ಗೆಲ್ಲುತ್ತದೆ, ಎಲ್ಲಿ ಮೋಸ ಮಾಡುತ್ತದೆ? ಇವೆರಡೇ ನನ್ನ ಪ್ರಶ್ನೆಗಳು.

ಇದನ್ನು ಗಾಳಿಯಲ್ಲಿ ಚರ್ಚಿಸುವುದು ಬೇಡ. ನಮ್ಮ ಬೆಳ್ಳೂರಿನ ಸುತ್ತಮುತ್ತ ಇರುವ ಒಂದು ವಸ್ತುವನ್ನು ಹಿಡಿದುಕೊಂಡಿದ್ದೇನೆ: ಸುರಂಗ. ಹೊರಗಿನ ಗೆಳೆಯರಿಗಾಗಿ ಎರಡು ಮಾತು. ಇದು ರೈಲು ಹೋಗುವ ಸುರಂಗ ಅಲ್ಲ. ಕೆಂಪುಕಲ್ಲಿನ ಗುಡ್ಡದ ಬದಿಯಿಂದ ಅಡ್ಡಕ್ಕೆ, ಒಬ್ಬ ಮನುಷ್ಯ ನಿಂತು ಒಳಗೆ ಹೋಗುವಷ್ಟು ಎತ್ತರಕ್ಕೆ, ಎರಡು ಭುಜ ಹಿಡಿಸುವಷ್ಟು ಅಗಲಕ್ಕೆ ತೋಡಿದ ಮಾರ್ಗ. ಅಡ್ಡ ಬಾವಿ ಅಂತ ಹೇಳಿದ್ರೂ ಆದೀತು. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಕೋಲು ಅಂದ್ರೆ ಎರಡೂವರೆ ಅಡಿಗೆ ತುಸು ಕಡಿಮೆ. ಕೆಲವು ಹತ್ತು ಕೋಲಿಗೇ ಮುಗಿಯುತ್ತವೆ, ಕೆಲವು ನೂರು ಕೋಲು ದಾಟುತ್ತವೆ. ನೆಲ ಬಾಯಿಯ ಕಡೆಗೆ ತುಸು ಇಳಿಜಾರು, ಹಾಗಾಗಿ ನೀರು ತಾನಾಗಿಯೇ ಹೊರಗೆ ಬರ್ತದೆ. ಮೊದಲು ಅಡಿಕೆ ದಂಬೆಯಲ್ಲಿ ಅಂಗಳಕ್ಕೆ ಇಳಿಸುತ್ತಿದ್ದರು, ಈಗ ಪೈಪು. ಪಂಪು ಬೇಡ, ಕರೆಂಟು ಬೇಡ. ಬೆಳ್ಳೂರು, ಎಣ್ಮಕಜೆ, ಪೈವಳಿಕೆ ಕಡೆಯಿಂದ ಹಿಡಿದು ಗಡಿಯಾಚೆ ಬಂಟ್ವಾಳ ತಾಲೂಕಿನವರೆಗೆ ಇಂಥ ಸುರಂಗಗಳ ನೀರನ್ನೇ ಕುಡಿದು, ತೋಟಕ್ಕೂ ಬಿಟ್ಟು ಬದುಕಿದ ಮನೆಗಳಿವೆ.

ಈ ಪ್ರಬಂಧಕ್ಕಾಗಿ ಒಂಬತ್ತು ನಿಮಿಷದ ವಿಡಿಯೋಗೆ ಒಂದು ಕರಡು ಚಿತ್ರಕಥೆ ಮಾಡಿಕೊಂಡೆ. ಅದನ್ನೇ ಪಠ್ಯ ಅಂತ ಇಟ್ಟುಕೊಂಡು ಬಿಚ್ಚಿ ತೋರಿಸುತ್ತೇನೆ.

೧. ಪ್ರಶ್ನೆಯ ಆಯ್ಕೆ

ಸುಲಭಕ್ಕೆ ಹೊಳೆಯುವ ಪ್ರಶ್ನೆ "ಸುರಂಗ ಅಂದ್ರೆ ಏನು?" ಎಂಬುದು. ಇದು ಒಗಟಿನ ವಿಡಿಯೋಗೆ ಆಗುವುದಿಲ್ಲ. ಯಾಕಂದ್ರೆ ಇದಕ್ಕೆ ಉತ್ತರ ಒಂದು ಚಿತ್ರ. ತೋರಿಸಿದ ತಕ್ಷಣ ಮುಗಿಯಿತು. ಮುಗಿಯಬಾರದು ಅಂತ ನಿರೂಪಕ ಸುಮ್ಮನೆ ಎಳೆಯಬೇಕಾಗ್ತದೆ: "ಈ ಕತ್ತಲ ಬಾಯಿಯೊಳಗೆ ಏನಿದೆ ಗೊತ್ತಾ?" ಅಂತ ಹೇಳಿ, ಸಂಗೀತ ಹಾಕಿ, ಮೂರು ನಿಮಿಷ ಮುಚ್ಚಿಟ್ಟು, ಕೊನೆಗೆ "ನೀರು!" ಅನ್ನುವುದು. ಇದರಲ್ಲಿ ಹುಡುಕಾಟ ಎಲ್ಲಿ ಬಂತು? ಇರುವುದು ಮುಚ್ಚಿಡುವ ಆಟ ಮಾತ್ರ. ನಿರೂಪಕನಿಗೆ ಗೊತ್ತಿದೆ, ನೋಡುಗನಿಗೆ ಗೊತ್ತಿಲ್ಲ, ಅಷ್ಟೇ ವ್ಯತ್ಯಾಸ. ಬೆಳ್ಳೂರಿನ ಯಾವುದೇ ಮಗು ಮೊದಲ ಹತ್ತು ಸೆಕೆಂಡಿಗೇ ವಿಡಿಯೋ ಬಿಟ್ಟು ಹೋಗ್ತದೆ.

ನಾನು ಹಿಡಿದ ಪ್ರಶ್ನೆ ಇದು: ಮಳೆ ಬಿಟ್ಟು ತಿಂಗಳುಗಟ್ಟಲೆ ಆದ ಮೇಲೆ, ಎಪ್ರಿಲ್‌ನ ಬಿಸಿಲಿನಲ್ಲಿ, ಗುಡ್ಡದ ಮೇಲಿನ ಹುಲ್ಲೆಲ್ಲ ಒಣಗಿ ಹೋಗಿರುವಾಗ ಈ ಪೈಪಿನಲ್ಲಿ ಬರುವ ನೀರು ಎಲ್ಲಿಯದು? ಇದರ ಗುಣ ಏನು ಅಂದ್ರೆ, ದಿನಾ ಅದೇ ನೀರು ಕುಡಿಯುವವರೂ ಒಂದು ಕ್ಷಣ ನಿಂತು ಯೋಚಿಸಬೇಕಾಗ್ತದೆ. ಗೊತ್ತಿದೆ ಅಂತ ಅನ್ನಿಸ್ತದೆ, ಹೇಳಹೋದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಮನಶ್ಶಾಸ್ತ್ರದಲ್ಲಿ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರ್ತದೆ. ಏನೂ ಗೊತ್ತಿಲ್ಲದ ವಿಷಯದಲ್ಲಿ ನಮಗೆ ಕುತೂಹಲ ಹುಟ್ಟುವುದು ಕಡಿಮೆ; ಸ್ವಲ್ಪ ಗೊತ್ತಿದ್ದು, ಆ ತಿಳಿವಿನ ನಡುವೆ ಒಂದು ಸಂದು ಕಾಣಿಸಿದಾಗ ಅದು ಕೆರಳುತ್ತದೆ. ಹಾಗಾಗಿ ದಿನನಿತ್ಯದ ಪ್ರಶ್ನೆಯೇ ಈ ಪ್ರಕಾರಕ್ಕೆ ಒಗ್ಗುವುದು. ನೋಡುಗ ಅರ್ಧ ಉತ್ತರವನ್ನು ತಾನೇ ಕಿಸೆಯಲ್ಲಿ ಇಟ್ಟುಕೊಂಡು ಬಂದಿರ್ತಾನೆ.

೨. ಹಂತಗಳು: ಉತ್ತರವೇ ಮುಂದಿನ ಪ್ರಶ್ನೆ ಆಗುವುದು

ರೋಲಾ ಬಾರ್ತ್ 1970ರ 'ಎಸ್/ಜೆಡ್' ಪುಸ್ತಕದಲ್ಲಿ ಬಾಲ್ಜಾಕ್‌ನ ಒಂದು ಕಥೆಯನ್ನು ತುಂಡು ತುಂಡು ಮಾಡಿ ಓದುತ್ತಾನೆ. ಅಲ್ಲಿ ಅವನು ಗುರುತಿಸುವ ಐದು ಸಂಕೇತ ವ್ಯವಸ್ಥೆಗಳಲ್ಲಿ ಒಂದು ಒಗಟಿಗೆ ಸಂಬಂಧಿಸಿದ್ದು. ಒಗಟನ್ನು ಹೂಡುವುದು, ಹುಸಿ ಉತ್ತರದ ಬಲೆ ಬೀಸುವುದು, ತಡೆಯುವುದು, ಅರ್ಧ ಉತ್ತರ ಕೊಡುವುದು, ಕೊನೆಗೆ ಬಯಲು ಮಾಡುವುದು ಇವೆಲ್ಲ ಅದರ ಚಲನೆಗಳು. ನನ್ನ ಕರಡನ್ನು ಈ ಕಣ್ಣಿನಿಂದ ನೋಡಿದರೆ ಹಂತಗಳು ಹೀಗೆ ಬರ್ತವೆ.

ಮೊದಲ ಐವತ್ತು ಸೆಕೆಂಡು: ಟ್ಯಾಂಕಿಗೆ ಬೀಳುವ ನೀರಿನ ಸದ್ದು, ಮೇಲೆ ಒಣಗಿದ ಗುಡ್ಡ. ಕ್ಯಾಮರಾ ಪೈಪು ಹಿಡಿದುಕೊಂಡು ಸುರಂಗದ ಬಾಯಿಗೆ ಹೋಗ್ತದೆ. ಬಾಯಿಯಿಂದ ಸ್ವಲ್ಪ ಒಳಗೆ ಮಣ್ಣಿನ ಒಂದು ಸಣ್ಣ ಕಟ್ಟ. ಒಬ್ಬರು ಅದರ ಬಿರುಕಿಗೆ ಅಂಟು ಜೇಡಿಮಣ್ಣು ಮೆತ್ತುತ್ತಾ ಇದ್ದಾರೆ. ನಿರೂಪಕಿ ಅದರ ಬಗ್ಗೆ ಏನೂ ಹೇಳುವುದಿಲ್ಲ. ಪ್ರಶ್ನೆ ಮಾತ್ರ ಕೇಳುತ್ತಾಳೆ.

ಎರಡನೆಯ ಹಂತ, ಎರಡು ನಿಮಿಷದವರೆಗೆ: ಎಲ್ಲರೂ ಕೊಡುವ ಉತ್ತರ. "ಅದು ಒರತೆ, ಗುಡ್ಡದಲ್ಲಿ ನೀರುಂಟು." ಇದು ಹುಸಿ ಉತ್ತರ ಅಲ್ಲ, ಆದರೆ ಉತ್ತರವೂ ಅಲ್ಲ, ಬರೇ ಹೆಸರು. ಇದನ್ನು ಒಡೆಯುವುದು ಹೇಗೆ? ಗುಡ್ಡದ ತಲೆಗೆ ಹೋಗಿ ಪಾದೆಯನ್ನು ತೋರಿಸುವುದು. ಬಿಸಿಲಿಗೆ ಕಪ್ಪಾದ, ಬರಿಗಾಲು ಇಡಲಾಗದ ಗಟ್ಟಿ ಕಲ್ಲು. ನಮ್ಮ ಕಡೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಮಳೆಗಾಲದ ದೃಶ್ಯದಲ್ಲಿ ಆ ನೀರು ಪಾದೆಯ ಮೇಲೆ ಹಾಳೆಯ ಹಾಗೆ ಹರಿದು ತೋಡಿಗೆ ಹೋಗುವುದು ಕಾಣ್ತದೆ. ಹಾಗಾದರೆ ಗುಡ್ಡದೊಳಗೆ ನೀರು ಹೋದದ್ದು ಎಲ್ಲಿಂದ?

ಮೂರನೆಯ ಹಂತ, ನಾಲ್ಕು ನಿಮಿಷದವರೆಗೆ: ಸುಳಿವು ಮನೆಯ ಗೋಡೆಯಲ್ಲೇ ಉಂಟು. ಕಡಿದ ಕೆಂಪುಕಲ್ಲನ್ನು ಹತ್ತಿರದಿಂದ ತೋರಿಸಿ. ತುಂಬಾ ತೂತು, ಹುಳು ಕೊರೆದ ಹಾಗೆ. ಒಂದು ಕಲ್ಲಿನ ಮೇಲೆ ಒಂದು ಚೊಂಬು ನೀರು ಹೊಯ್ಯಿರಿ. ಮೇಲೆ ಸ್ವಲ್ಪ ಹೊತ್ತು ನಿಲ್ತದೆ, ಆಮೇಲೆ ಒಳಗೆ ಇಳೀತದೆ. ಪಾದೆಯ ಬಿರುಕು, ಗುಂಡಿ, ಮಣ್ಣು ಇರುವ ಕಡೆಗಳಿಂದ ಮಳೆನೀರಿನ ಒಂದು ಪಾಲು ಇದೇ ತೂತುಗಳ ಮೂಲಕ ಕೆಳಗೆ ಹೋಗ್ತದೆ. ಇಲ್ಲಿಗೆ ನೋಡುಗನಿಗೆ ಒಂದು ತೃಪ್ತಿ: ಓಹೋ, ಗುಡ್ಡ ಅಂದ್ರೆ ಸ್ಪಂಜು. ಹೆಚ್ಚಿನ ವಿಡಿಯೋಗಳು ಇಲ್ಲಿಗೆ ನಿಲ್ಲುತ್ತವೆ. ಆದರೆ ತೂತಿನ ಕಲ್ಲಿನಲ್ಲಿ ನೀರು ಇಳಿಯುತ್ತಲೇ ಹೋಗಬೇಕಲ್ಲ, ಪಾತಾಳದವರೆಗೆ. ಗುಡ್ಡದ ಬದಿಯಲ್ಲಿ, ನಮ್ಮ ಮನೆಯ ಅಂಗಳಕ್ಕಿಂತ ಎತ್ತರದಲ್ಲಿ ಅದು ನಿಂತದ್ದು ಯಾಕೆ? ತೃಪ್ತಿ ಕೊಟ್ಟ ಉತ್ತರವೇ ಹೊಸ ಪ್ರಶ್ನೆಯನ್ನು ಹೆತ್ತಿತು.

ನಾಲ್ಕನೆಯ ಹಂತ, ಆರು ನಿಮಿಷದವರೆಗೆ: ಕೆಂಪುಕಲ್ಲಿನ ಕೆಳಗೆ ಜೇಡಿಮಣ್ಣಿನ ಪದರ ಉಂಟು. ಬಿಳಿ, ಹಳದಿ, ಕೆಲವು ಕಡೆ ನೇರಳೆ ಛಾಯೆ. ರಸ್ತೆಗೆ ಗುಡ್ಡ ಕಡಿದ ಜಾಗದಲ್ಲಿ ಎರಡೂ ಪದರಗಳು ಒಟ್ಟಿಗೆ ಕಾಣಸಿಗುತ್ತವೆ. ಈ ಮಣ್ಣಿನ ಕಣಗಳು ಎಷ್ಟು ನುಣುಪು ಅಂದ್ರೆ ನೀರು ಅದರ ಮೂಲಕ ಇಳಿಯುವುದು ತೀರಾ ನಿಧಾನ. ಮೇಲಿನಿಂದ ಬಂದ ನೀರು ಅಲ್ಲಿ ತಡೆದು, ಪದರದ ಇಳಿಜಾರು ಹಿಡಿದು ಅಡ್ಡಕ್ಕೆ ಜಿನುಗುತ್ತದೆ. ಆ ಜಿನುಗನ್ನು ಅಡ್ಡಕ್ಕೇ ಹೋಗಿ ಹಿಡಿಯುವ ಉಪಾಯ ಸುರಂಗ. ಈಗ ಮೊದಲ ನಿಮಿಷದ ಆ ಕೈಗೆ ವಾಪಸ್ ಬನ್ನಿ. ಕಟ್ಟಕ್ಕೆ ಮೆತ್ತುತ್ತಿದ್ದದ್ದು ಇದೇ ಬಗೆಯ ಮಣ್ಣು. ಗುಡ್ಡ ಒಳಗೆ ಮಾಡಿದ ಕೆಲಸವನ್ನೇ ಮನುಷ್ಯ ಬಾಯಿಯಲ್ಲಿ ಒಂದು ಗೇಣು ಎತ್ತರಕ್ಕೆ ಮಾಡಿದ್ದಾನೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಇದು ಆಕೃತಿಯ ಮುಖ್ಯ ಕೀಲು. ಪತ್ತೇದಾರಿ ಕಥೆಗಳಿಗೆ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮ ಬರೆದಿದ್ದ. ಅದರಲ್ಲಿ ಒಂದು, ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಸಿಗಬೇಕು ಅಂತ. ಇದನ್ನು ನಾನು ನ್ಯಾಯದ ನಿಯಮ ಅಂತ ಕರೀತೇನೆ. ಜೇಡಿಮಣ್ಣು ಐದನೆಯ ನಿಮಿಷದಲ್ಲಿ ಮೊದಲ ಬಾರಿಗೆ ಬಂದಿದ್ದರೆ ಅದು ಹೊಸ ಮಾಹಿತಿ, ಪಾಠ. ಮೊದಲ ನಿಮಿಷದಲ್ಲಿ ಕಂಡು, ಐದನೆಯ ನಿಮಿಷದಲ್ಲಿ ಅರ್ಥ ಆದರೆ ಅದು ಬಿಡುಗಡೆ. ನೋಡುಗನಿಗೆ "ನಾನು ನೋಡಿದ್ದೆ, ಗಮನಿಸಲಿಲ್ಲ" ಅನ್ನಿಸಬೇಕು.

ಐದನೆಯ ಹಂತ, ಏಳೂಮುಕ್ಕಾಲು ನಿಮಿಷದವರೆಗೆ: ಇಲ್ಲಿ ಪ್ರಶ್ನೆಯ ಮುಖವೇ ತಿರುಗಬೇಕು. ನೀರು ಎಲ್ಲಿಂದ ಅಂತ ಗೊತ್ತಾಯಿತು. ಯಾವಾಗಿನದು ಅಂತ ಇನ್ನೂ ಗೊತ್ತಾಗಲಿಲ್ಲ. ಇದಕ್ಕೆ ದೊಡ್ಡ ಯಂತ್ರ ಬೇಡ, ಹತ್ತು ಲೀಟರಿನ ಬಕೆಟು ಮತ್ತು ಗಡಿಯಾರ ಸಾಕು. ಲೆಕ್ಕ ತೋರಿಸಲಿಕ್ಕೆ ಒಂದು ಉದಾಹರಣೆ ಹಿಡಿಯುವ. ಬಕೆಟು ತುಂಬಲು 100 ಸೆಕೆಂಡು ಬೇಕಾದರೆ ನಿಮಿಷಕ್ಕೆ 6 ಲೀಟರು, ದಿನಕ್ಕೆ 8640 ಲೀಟರು. ಇದನ್ನು ಡಿಸೆಂಬರಿನಿಂದ ಮೇ ತನಕ ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ಅಳೆಯಬೇಕು. ನೀರು ಆಳದ ಯಾವುದೋ ಬತ್ತದ ಮೂಲದ್ದಾದರೆ ಸಮಯ ಹೆಚ್ಚುಕಡಿಮೆ ಒಂದೇ ಇರಬೇಕು. ಹೋದ ಮಳೆಗಾಲದ್ದಾದರೆ ತಿಂಗಳಿಂದ ತಿಂಗಳಿಗೆ ಬಕೆಟು ನಿಧಾನವಾಗಿ ತುಂಬಬೇಕು, ಮಳೆ ಹಿಡಿದ ಮೇಲೆ ಮತ್ತೆ ಬೇಗ ತುಂಬಬೇಕು. ಸುರಂಗದ ಮನೆಯವರಿಗೆ ಎರಡನೆಯದ್ದೇ ಅನುಭವ. ಅಂದ್ರೆ ಎಪ್ರಿಲಿನಲ್ಲಿ ಪೈಪಿನಲ್ಲಿ ಬರುವುದು ತಡವಾಗಿ ತಲುಪುತ್ತಿರುವ ಮಳೆಗಾಲ. ಕಲ್ಲಿನ ತೂತು, ಮಣ್ಣಿನ ತಡೆ ಇವೆಲ್ಲ ಸೇರಿ ಮಾಡಿದ್ದು ಒಂದೇ ಕೆಲಸ: ತಡಮಾಡುವುದು.

ಈ ಐದೂ ಹಂತಗಳನ್ನು ಪರೀಕ್ಷಿಸಲು ಒಂದು ಸರಳ ವಿಧಾನ ಉಂಟು. ಚಿತ್ರಕಥೆಯನ್ನು ಸಾಮಾನ್ಯವಾಗಿ ದೃಶ್ಯ, ಶ್ರವ್ಯ ಅಂತ ಎರಡು ಅಂಕಣ ಮಾಡಿ ಬರೀತಾರೆ. ನಾನು ಮೂರನೆಯದೊಂದು ಸೇರಿಸಿದೆ: ಈ ಕ್ಷಣದಲ್ಲಿ ನೋಡುಗ ಕೇಳುತ್ತಿರುವ ಪ್ರಶ್ನೆ ಯಾವುದು? ಆ ಅಂಕಣವನ್ನು ಮಾತ್ರ ಮೇಲಿಂದ ಕೆಳಗೆ ಓದಬೇಕು. ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ "ಆದರೆ" ಅಥವಾ "ಹಾಗಾದರೆ" ಅಂತ ದಾಟಲು ಆದರೆ ಅದು ಹುಡುಕಾಟ. "ಮತ್ತೆ ಇನ್ನೊಂದು ಸಂಗತಿ ಏನಂದ್ರೆ" ಅಂತ ದಾಟಬೇಕಾದರೆ ಅದು ಪಟ್ಟಿ. ಎರಡು ಹಂತಗಳನ್ನು ಅದಲುಬದಲು ಮಾಡಿದರೂ ಏನೂ ಕೆಡುವುದಿಲ್ಲ ಅಂತಾದರೆ ಅಲ್ಲಿ ಒಗಟು ಇಲ್ಲ, ಮಾಹಿತಿಗೆ ಒಗಟಿನ ಅಂಗಿ ತೊಡಿಸಿದ್ದು ಅಷ್ಟೇ. ಮಾತಿನ ಅಳತೆಯೂ ಇಲ್ಲಿ ಮುಖ್ಯ. ನಾನು ಗಟ್ಟಿಯಾಗಿ ಓದಿ ನೋಡಿದಾಗ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು ನೂರು ಪದ ಹಿಡಿಸ್ತದೆ. ಒಂಬತ್ತು ನಿಮಿಷದಲ್ಲಿ ನೀರಿನ ಸದ್ದಿಗೆ, ಇತರರ ಮಾತಿಗೆ ಜಾಗ ಬಿಟ್ಟರೆ ನಿರೂಪಣೆಗೆ ಆರುನೂರು ಪದ ಸಿಕ್ಕಿದರೆ ಹೆಚ್ಚು. ಸುರಂಗದ ಇತಿಹಾಸ, ಪರ್ಷಿಯಾದ ಕನಾತ್ ಜೊತೆಗಿನ ಹೋಲಿಕೆ, ಇವೆಲ್ಲ ಎಷ್ಟೇ ಚಂದ ಇದ್ದರೂ ಮೂರನೆಯ ಅಂಕಣದಲ್ಲಿ ಪ್ರಶ್ನೆ ಇಲ್ಲದಿದ್ದರೆ ಹೊರಗೆ ಹೋಗಬೇಕು.

೩. ಉತ್ತರ ಹೇಳುವ ಹಕ್ಕು ಯಾರದು?

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಮೇಲೆ ಹೇಳಿದ ಆಕೃತಿ ಬಿಗಿಯಾಗಿದೆ ಅಂತಲೇ ಇಟ್ಟುಕೊಳ್ಳಿ. ಆದರೂ ಅದರಲ್ಲಿ ಒಂದು ತೊಡಕು ಉಂಟು. ಸುರಂಗ ತೋಡಿದವರಿಗೆ ಈ ಉತ್ತರ ಮೊದಲೇ ಗೊತ್ತು. ಯಾವ ಗಿಡ ಹಸುರಾಗಿರುವ ಕಡೆ ನೀರು, ಕಲ್ಲು ಯಾವಾಗ ಮೆತ್ತಗಾಗ್ತದೆ, ಜೇಡಿ ಸಿಕ್ಕಿದ ಮೇಲೆ ಎಷ್ಟು ಜಾಗ್ರತೆ ಬೇಕು, ಮೇಣದ ಬತ್ತಿ ಮಂಕಾದರೆ ಉಸಿರಿಗೆ ಗಾಳಿ ಸಾಲದು ಅಂತ ಹೊರಗೆ ಬರಬೇಕು, ಇದೆಲ್ಲ ಅವರ ವಿದ್ಯೆ. ಪತ್ತೇದಾರಿ ಚಿತ್ರಕಥೆ ಏನು ಮಾಡ್ತದೆ? ಅವರನ್ನು ಮೊದಲ ನಿಮಿಷದಲ್ಲಿ ಮಾತಿಲ್ಲದ ಕೈಯಾಗಿ ತೋರಿಸ್ತದೆ. ನಾಲ್ಕನೆಯ ಹಂತದಲ್ಲಿ ಹೊರಗಿಂದ ಬಂದ ನಿರೂಪಕಿ ಅದೇ ಜ್ಞಾನವನ್ನು ತಾನು ಕಂಡುಹಿಡಿದ ಹಾಗೆ ಬಯಲು ಮಾಡುತ್ತಾಳೆ. ಬಲ್ಲವರು ಸುಳಿವಾದರು, ಕೇಳಿದವಳು ಪತ್ತೇದಾರಳಾದಳು. ಕ್ಯಾಮರಾ ಎಲ್ಲಿ ಇಡುವುದು ಅಂತ ತೀರ್ಮಾನಿಸುವ ಮೊದಲೇ ಬರಹದ ಆಕೃತಿಯೇ ಇದನ್ನು ತೀರ್ಮಾನಿಸಿ ಆಗಿರ್ತದೆ.

ನಮ್ಮಲ್ಲಿ ಈ ತೊಡಕನ್ನು ಎದುರಿಸಿದ ಕೃತಿ ತೇಜಸ್ವಿಯವರ 'ಕರ್ವಾಲೊ' (1980) ಅಂತ ನನ್ನ ಓದು. ಅದೂ ಹಂತ ಹಂತವಾಗಿ ಬಿಚ್ಚುವ ಹುಡುಕಾಟವೇ. ಆದರೆ ಅಲ್ಲಿ ಮೊದಲ ಒಗಟು ಹಾರುವ ಓತಿ ಅಲ್ಲ. ಕರ್ವಾಲೊ ಅಂಥ ವಿಜ್ಞಾನಿ ಮಂದಣ್ಣನಂಥ ಹಳ್ಳಿಯ ಮನುಷ್ಯನ ಬೆನ್ನು ಹಿಡಿದದ್ದು ಯಾಕೆ ಎಂಬುದೇ ನಿರೂಪಕನಿಗೆ ಮೊದಲ ಒಗಟು. ಓತಿಯ ಸುದ್ದಿ ಬರುವುದು ಅದರ ಉತ್ತರವಾಗಿ. ಅಂದರೆ ಮಂದಣ್ಣನ ಬಲ್ಲತನವನ್ನು ಕಾದಂಬರಿ ಬಳಸಿ ಬಿಸಾಡುವುದಿಲ್ಲ. ಆ ಬಲ್ಲತನವನ್ನು ನಾವು ಯಾಕೆ ಕಾಣಲಿಲ್ಲ ಎಂಬುದನ್ನೇ ಕಥೆಯ ಮೊದಲ ಪ್ರಶ್ನೆ ಮಾಡ್ತದೆ. ಕೊನೆಗೆ ಓತಿ ಕಾಣಿಸಿಕೊಂಡರೂ ಕೈಗೆ ಸಿಗುವುದಿಲ್ಲ. ಹುಡುಕಿ ಹೋದವರ ವಶಕ್ಕೆ ಉತ್ತರ ಬರಲಿಲ್ಲ, ಆದರೆ ಅವರ ನೋಟ ಬದಲಾಯಿತು.

ಇದನ್ನು ಕರಡಿಗೆ ತಂದರೆ ಒಂದು ನಿಜವಾದ ಬದಲಾವಣೆ ಸಾಧ್ಯ. ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರ ಕಥೆ ನಿಮಗೆ ಗೊತ್ತಿರಬಹುದು. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದರು. ಒಂದಾದ ಮೇಲೊಂದು ಸುರಂಗ ನೀರಿಲ್ಲದೆ ವಿಫಲವಾದರೂ ಬಿಡದೆ ತೋಡಿ ಕೊನೆಗೆ ನೀರು ಕಂಡು ತೋಟ ಮಾಡಿದರು. 2022ರಲ್ಲಿ ಪದ್ಮಶ್ರೀ ಬಂತು. ಪತ್ರಿಕೆಗಳಲ್ಲಿ ಇದು ಛಲದ ಕಥೆಯಾಗಿ ಬಂತು. ನಾನು ಇದನ್ನು ಚಿತ್ರಕಥೆಯ ದೃಷ್ಟಿಯಿಂದ ಓದಲು ಇಷ್ಟಪಡುತ್ತೇನೆ. ನೀರು ಸಿಗದ ಪ್ರತಿ ಸುರಂಗವೂ ಒಂದು ಊಹೆ, ಒಂದು ಪರೀಕ್ಷೆ, ಒಂದು ತಿರಸ್ಕಾರ. ಜೇಡಿಯ ಪದರ ಗುಡ್ಡದೊಳಗೆ ಮೇಜಿನ ಹಾಗೆ ಸಮ ಇರುವುದಿಲ್ಲ. ಏರಿಳಿತ ಇರ್ತದೆ, ನೀರು ತಗ್ಗಿನ ಕಡೆ ಸರೀತದೆ. ಹಾಗಾಗಿ ಹತ್ತಿರ ಹತ್ತಿರ ಇರುವ ಎರಡು ಸುರಂಗಗಳಲ್ಲಿ ಒಂದು ಹಸಿ, ಒಂದು ಒಣ ಆಗಬಹುದು. ಅಂದರೆ ಹುಸಿ ಉತ್ತರವನ್ನು ನಾವು ಕಟ್ಟಿ ಹಾಕಬೇಕಾಗಿಲ್ಲ. ತೋಡಿದವರು ನಿಜವಾಗಿ ನಂಬಿ, ಬೆವರು ಸುರಿಸಿ, ಕೈಬಿಟ್ಟ ಹಾದಿಗಳೇ ನಿಜವಾದ ಹುಸಿ ಉತ್ತರಗಳು. ಅವನ್ನು ಅವರ ಬಾಯಲ್ಲೇ ಹೇಳಿಸಿದರೆ ಪತ್ತೇದಾರನ ಸ್ಥಾನ ತಾನಾಗಿ ಅವರಿಗೆ ಹೋಗ್ತದೆ. ಯಾರೂ ನಂಬದ ಒಂದು ಪೆದ್ದು ಉತ್ತರವನ್ನು ನಿರೂಪಕಿ ತಾನೇ ಮುಂದಿಟ್ಟು ತಾನೇ ಬೀಳಿಸುವ ಅಗ್ಗದ ಉಪಾಯವೂ ತಪ್ಪುತ್ತದೆ.

ಇನ್ನೊಂದು ಮಾತು. ಊರಿನವರಿಗೆ ಉತ್ತರ ಗೊತ್ತಿದ್ದರೆ ಅವರು ಯಾಕೆ ನೋಡಬೇಕು ಅಂತ ಕೇಳಬಹುದು. ನಾವು ತಾಳಮದ್ದಳೆಯ ನಾಡಿನವರು. ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಕರ್ಣಪರ್ವ ಪ್ರಸಂಗಕ್ಕೆ ಬಂದು ಕೂರುತ್ತಾರಾ? ಇಂದಿನ ಅರ್ಥಧಾರಿ ಯಾವ ಮಾತಿನಿಂದ ಯಾವ ಮಾತಿಗೆ ಹೋಗ್ತಾನೆ ಅಂತ ಕೇಳಲಿಕ್ಕೆ ಕೂರುತ್ತಾರೆ. ಅಂತ್ಯ ಗೊತ್ತಿದ್ದೂ ಹಿಡಿದಿಡುವ ಶಕ್ತಿ ಹಂತಗಳ ತರ್ಕಕ್ಕೆ ಉಂಟು. ಆದ್ದರಿಂದ ಹಂತ ಹಂತವಾಗಿ ಬಿಚ್ಚುವುದು ಅಂದ್ರೆ ಮುಚ್ಚಿಡುವ ಕಲೆ ಅಲ್ಲ, ದಾಟಿಸುವ ಕಲೆ.

೪. ಅಪರಾಧಿ ಬೇಕು ಎಂಬ ಹಟ

ಆರನೆಯ ಹಂತ, ಕೊನೆಯ ಒಂದೂಕಾಲು ನಿಮಿಷ. ಎಪ್ರಿಲ್ ನೀರು ಹೋದ ವರ್ಷದ ಮಳೆ ಅಂತ ಆಯಿತು. ಹಾಗಾದರೆ ಅಷ್ಟೇ ಮಳೆ ಬಂದರೂ ಕೆಲವು ಸುರಂಗ ಈಗ ಮಾರ್ಚಿಗೇ ನಿಲ್ಲುವುದು ಯಾಕೆ? ಪ್ರಕಾರದ ಒತ್ತಡ ಇಲ್ಲಿ ಅತಿ ಹೆಚ್ಚು. ಪತ್ತೇದಾರಿ ಆಕೃತಿಗೆ ಒಬ್ಬ ಅಪರಾಧಿ ಬೇಕು, ಮತ್ತು ಬೋರ್‌ವೆಲ್ ಕೈಗೆ ಸಿಗುವ ಹಾಗೆ ನಿಂತುಕೊಂಡಿದೆ. "ಕಳ್ಳ ಸಿಕ್ಕಿದ" ಅಂತ ಹೇಳಿ ಮುಗಿಸಿದರೆ ಚಪ್ಪಾಳೆ ಬೀಳ್ತದೆ.

ನಿಜ ಸಂಗತಿ ಅಷ್ಟು ನೇರ ಇಲ್ಲ. ಬೋರ್‌ವೆಲ್ ಕೆಂಪುಕಲ್ಲು, ಜೇಡಿ ಎರಡನ್ನೂ ದಾಟಿ ಕೆಳಗಿನ ಗಟ್ಟಿ ಬಂಡೆಯ ಬಿರುಕಿನ ನೀರನ್ನು ಎಳೆಯುವಂಥದ್ದು. ಸುರಂಗದ್ದು ಮೇಲಿನ ಅಂತಸ್ತಿನ ನೀರು. ಕೇಸಿಂಗ್ ಪೈಪು ಸರಿಯಾಗಿ ಕೂತಿಲ್ಲದಿದ್ದರೆ ಜೇಡಿಗೆ ತೂತು ಬಿದ್ದ ಹಾಗೆ, ಮೇಲಿನ ನೀರು ಕೆಳಗೆ ಸೋರಬಹುದು. ಜೇಡಿ ಪೂರ್ತಿ ಮುಚ್ಚಿದ ಪದರವೂ ಅಲ್ಲ, ಹಾಗಾಗಿ ಎರಡು ಅಂತಸ್ತಿನ ನಡುವೆ ನಿಧಾನದ ಸಂಬಂಧ ಇರಲೂಬಹುದು. ಎರಡನೆಯ ಶಂಕಿತ ಕೆಂಪುಕಲ್ಲಿನ ಕೋರೆ: ಗುಡ್ಡದ ತಲೆಯನ್ನೇ ಕಡಿದು ಒಯ್ದರೆ ನೀರು ಹಿಡಿಯುವ ಕಲ್ಲೇ ಕಡಿಮೆಯಾಯಿತು. ಮೂರನೆಯದು ಸುರಂಗದೊಳಗೇ ಇದೆ: ಮಣ್ಣು ಕುಸಿದು ಜಿನುಗಿನ ದಾರಿ ಮುಚ್ಚಿರಬಹುದು, ಕೆಸರು ತೆಗೆಯುವವರು ಸಿಗದೆ ಇರಬಹುದು. ಯಾವುದು ನಿಜ ಎಂದು ಪ್ರತಿಯೊಂದು ಗುಡ್ಡಕ್ಕೂ ಬೇರೆ ಬೇರೆ ನೋಡಬೇಕು. ಬೋರ್ ಕೊರೆದ ವರ್ಷಕ್ಕೂ ಬಕೆಟಿನ ಸಮಯ ಹೆಚ್ಚಿದ ವರ್ಷಕ್ಕೂ ತಾಳೆ ಉಂಟಾ? ಕೆಸರು ತೆಗೆದ ಮೇಲೆ ಸಮಯ ಇಳಿಯಿತಾ? ಅಳೆದಿಟ್ಟವರು ಇದ್ದರೆ ಮಾತ್ರ ಹೇಳಬಹುದು.

ನನ್ನ ಕರಡಿನಲ್ಲಿ ಕೊನೆಯ ಬಯಲು ಹೀಗೆ ಬರ್ತದೆ: ಮೂವರು ಶಂಕಿತರು, ಪ್ರತಿಯೊಬ್ಬರ ಮೇಲೆ ಸಂಶಯ ಗಟ್ಟಿಯಾಗಲು ಬೇಕಾದ ಒಂದೊಂದು ಪುರಾವೆ, ಮತ್ತು ನೋಡುಗನ ಕೈಗೆ ಬಕೆಟು. ತೀರ್ಪು ಇಲ್ಲದ ಅಂತ್ಯ ಇದು. ಇದು ಅಪೂರ್ಣ ಅನ್ನಿಸುವುದಿಲ್ಲ, ಯಾಕಂದ್ರೆ ಆರಂಭದ ಪ್ರಶ್ನೆಗೆ ಐದನೆಯ ಹಂತದಲ್ಲೇ ಪೂರ್ತಿ ಉತ್ತರ ಕೊಟ್ಟು ಆಗಿದೆ. ಕೇಳಿದ ಪ್ರಶ್ನೆಯ ಸಾಲ ತೀರಿಸಿದ ಮೇಲೆ ಹೊಸ ಪ್ರಶ್ನೆಯನ್ನು ತೆರೆದಿಡಬಹುದು. ಸಾಲ ತೀರಿಸದೆ "ನಿಮಗೇನನ್ನಿಸುತ್ತದೆ?" ಅಂದರೆ ಅದು ತಪ್ಪಿಸಿಕೊಳ್ಳುವುದು. ಈ ವ್ಯತ್ಯಾಸವನ್ನು ನಾವು ವಿಮರ್ಶೆಯಲ್ಲಿ ಅಂತ್ಯವನ್ನು ಚರ್ಚಿಸುವಾಗಲೂ ಬಳಸಬಹುದು ಅಂತ ನನಗೆ ಅನ್ನಿಸ್ತದೆ. ಇಷ್ಟು ಹೇಳಿ ನಿಲ್ಲಿಸುತ್ತೇನೆ.

ಚರ್ಚೆಯಿಂದ

ಅಧ್ಯಾಪಕರೊಬ್ಬರು: ಒಳ್ಳೆಯ ವಿಶ್ಲೇಷಣೆ. ಆದರೆ ಸುಳಿವನ್ನು ಮೊದಲೇ ತೋರಿಸಿದರೆ ಜಾಣ ನೋಡುಗ ಊಹಿಸಿಬಿಡುವುದಿಲ್ಲವೇ ಅಮ್ಮಾ?

ಮಂಡಿಸಿದವರು: ಊಹಿಸಲಿ ಸರ್. ಹಿಚ್‌ಕಾಕ್ ತ್ರುಫೋ ಜೊತೆಗಿನ ಸಂಭಾಷಣೆಯಲ್ಲಿ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಕೊಡ್ತಾನಲ್ಲ, ಬಾಂಬ್ ಇದೆ ಅಂತ ಪ್ರೇಕ್ಷಕನಿಗೆ ಮೊದಲೇ ಗೊತ್ತಿದ್ದರೆ ಬಿಗಿ ಹೆಚ್ಚು, ಗೊತ್ತಿಲ್ಲದೆ ಸಿಡಿದರೆ ಒಂದು ಕ್ಷಣದ ಬೆಚ್ಚು ಮಾತ್ರ ಅಂತ. ಇಲ್ಲಿ ಊಹಿಸಿದವರಿಗೆ "ನನ್ನ ಊಹೆ ಸರಿಯಾ" ಎಂಬ ಪ್ರಶ್ನೆ ಉಳೀತದೆ. ಅವರೂ ಕೊನೆತನಕ ಇರ್ತಾರೆ. ಸುಳಿವಿನ ಮೇಲೆ ಕ್ಯಾಮರಾ ತುಂಬಾ ಹೊತ್ತು ನಿಲ್ಲಬಾರದು, ಅಷ್ಟೇ. ಮೂರು ನಾಲ್ಕು ಸೆಕೆಂಡು ಸಾಕು, ಮತ್ತು ಅದೇ ದೃಶ್ಯದಲ್ಲಿ ಬೇರೇನೋ ಕೆಲಸ ನಡೀತಾ ಇರಬೇಕು.

ಸಹಪಾಠಿಯೊಬ್ಬರು: ಬೆಳ್ಳೂರು ಅಂದ ಕೂಡಲೇ ನಮಗೆ ಎಂಡೋಸಲ್ಫಾನ್ ನೆನಪಾಗ್ತದೆ. ಅದೇ ನೀರು, ಅದೇ ಗುಡ್ಡ. ಆ ವಿಷಯಕ್ಕೂ ಈ ಆಕೃತಿ ಬಳಸಬಹುದಾ?

ಮಂಡಿಸಿದವರು: ಆ ವಿಷಯಕ್ಕೆ ಇದೇ ಆಕೃತಿಯನ್ನು ಹಾಗೇ ಇಡಬಾರದು ಅಂತ ನನ್ನ ಅಭಿಪ್ರಾಯ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಔಷಧಿ ಸಿಂಪಡಿಸಿದ ಕಾಲದಿಂದ ಜಿಲ್ಲೆಯ ಸಂತ್ರಸ್ತ ಪಂಚಾಯತುಗಳು ಅಂತ ಗುರುತಿಸಿದ ಹನ್ನೊಂದರಲ್ಲಿ ನಮ್ಮದೂ ಒಂದು. ಅಲ್ಲಿ ಒಂದು ಮಗುವಿನ ಮುಖವನ್ನು ಮಬ್ಬು ಮಾಡಿ ಇಟ್ಟು, ಏಳನೆಯ ನಿಮಿಷದಲ್ಲಿ ಬಯಲು ಮಾಡುವುದು ಅಂದ್ರೆ ನೋವನ್ನು ಸುಳಿವು ಮಾಡಿದ ಹಾಗೆ. ಮತ್ತೆ ಅದು ಊರಿಗೆ ಒಗಟೇ ಆಗಿರಲಿಲ್ಲ. ಇಲ್ಲಿನ ಜನ, ಇಲ್ಲಿನ ವೈದ್ಯರು, ಬರಹಗಾರರು ಹೇಳ್ತಾ ಬಂದದ್ದನ್ನು ಕೇಳಿಸಿಕೊಳ್ಳಲು ಹೊರಗಿನವರಿಗೆ ವರ್ಷಗಳು ಹಿಡಿದವು. ಹಂತ ಹಂತವಾಗಿ ತೋರಿಸಬೇಕಾದದ್ದು ಏನಾದರೂ ಇದ್ದರೆ ಆ ತಡವನ್ನು: ಯಾವ ವರ್ಷ ಯಾರು ಏನು ಹೇಳಿದರು, ಯಾರು ಒಪ್ಪಲಿಲ್ಲ, ಯಾವ ಕಾರಣ ಕೊಟ್ಟರು. ಅಂಥದ್ದಕ್ಕೆ ಬೇಕಾದ್ದು ದಿನಾಂಕದ ಕ್ರಮ.

ಇನ್ನೊಬ್ಬರು: ಸುರಂಗ ತೋಡುವವರಿಗೇ ಉತ್ತರ ಹೇಳಲು ಬಿಟ್ಟರೆ ಅವರು ಜೇಡಿ, ತೂತು ಅಂತೆಲ್ಲ ಈ ಕ್ರಮದಲ್ಲೇ ಹೇಳ್ತಾರಾ? ಒಂದೇ ವಾಕ್ಯದಲ್ಲಿ ಮುಗಿಸಿಬಿಡ್ತಾರೆ.

ಮಂಡಿಸಿದವರು: ಹೌದು, ಅದು ನಿಜವಾದ ಕಷ್ಟ. ಅವರನ್ನು ಕೂರಿಸಿ "ನೀರು ಎಲ್ಲಿಂದ ಬರ್ತದೆ ಅಣ್ಣ?" ಅಂತ ಕೇಳಿದರೆ ಒಂದು ವಾಕ್ಯ ಸಿಗ್ತದೆ. "ನೀರು ಸಿಗದ ಸುರಂಗ ಯಾವುದು, ಅದನ್ನು ಎಷ್ಟು ಕೋಲಿಗೆ ಬಿಟ್ಟಿರಿ, ಯಾಕೆ ಬಿಟ್ಟಿರಿ?" ಅಂತ ಆ ಜಾಗದಲ್ಲೇ ನಿಂತು ಕೇಳಿದರೆ ಹಂತಗಳು ತಾನಾಗಿ ಬರ್ತವೆ. ಬಿಟ್ಟ ಸುರಂಗದ ಕೊನೆಯ ಗೋಡೆ ತೋರಿಸಿಯೇ ಅವರು ಮಾತಾಡ್ತಾರೆ. ಹಾಗಾಗಿ ಚಿತ್ರಕಥೆಯನ್ನು ಪೂರ್ತಿ ಬರೆದು ಆಮೇಲೆ ಹೋಗಿ ಚಿತ್ರೀಕರಿಸುವ ಬದಲು, ಮೂರನೆಯ ಅಂಕಣವನ್ನು ಮಾತ್ರ ಬರೆದುಕೊಂಡು ಹೋಗುವುದು ಒಳ್ಳೇದು. ಪ್ರಶ್ನೆಗಳು ನಮ್ಮವು ಇರಲಿ. ಮೊದಲ ಎರಡು ಅಂಕಣ ಗುಡ್ಡದಲ್ಲಿ ತುಂಬಲಿ.